‘ಚಿಕ್ಕದಾಯ್ತು’ ಎಂದು ವಾಪಸ್ ಬಂದ ಪಾರ್ಸೆಲ್ಲುಗಳು

ದೀಪಾವಳಿಗೆ ಮುಂಚೆ ಮೊಬೈಲಿನಲ್ಲೇ ಒಂದು ಜೊತೆ ಹಿತ್ತಾಳೆ ದೀಪ ತರಿಸಿದ್ದೆ. ಚಿತ್ರದಲ್ಲಿ ಅವು ದೇವರ ಮನೆಯ ಬಾಗಿಲಿನ ಎರಡೂ ಬದಿ ನಿಲ್ಲಿಸುವಂಥ ದೀಪದ ಕಂಬಗಳ ಹಾಗೆ ಕಂಡಿದ್ದವು. ಡಬ್ಬ ಬಿಚ್ಚಿ ನೋಡಿದರೆ ಎರಡೂ ಸೇರಿ ನನ್ನ ಅಂಗೈಯಲ್ಲಿ ಕೂತುಬಿಟ್ಟವು. ವಾಪಸ್ ಕಳಿಸೋಣವೆಂದು ಹೊರಟಾಗ ಆ್ಯಪ್ ಕಾರಣ ಕೇಳಿತು. ಕೊಟ್ಟಿದ್ದ ಪಟ್ಟಿಯಲ್ಲಿ ‘ಸೈಜ್ ಚಿಕ್ಕದು’ ಎಂಬುದನ್ನು ಒತ್ತಿದೆ. ಅದೇ ವಾರ ಪಕ್ಕದ ಮನೆಯವರು ಭುಜಕ್ಕೂ ಎದೆಗೂ ಬಿಗಿಯಾದ ಕುರ್ತಿಯೊಂದನ್ನು ವಾಪಸ್ ಕಳಿಸಿದರು. ಅವರು ಒತ್ತಿದ್ದೂ ಅದೇ, ‘ಸೈಜ್ ಚಿಕ್ಕದು’.

ಮಾರುವವರ ಕಂಪ್ಯೂಟರಿನಲ್ಲಿ ಈ ಎರಡು ದೂರುಗಳೂ ಒಂದೇ ಹೆಸರಿನಲ್ಲಿ ದಾಖಲಾಗುತ್ತವೆ. ಆದರೆ ರೋಗ ಬೇರೆ ಬೇರೆ. ಕುರ್ತಿಯ ದೋಷ ಕತ್ತರಿ ಆಡುವ ಮೇಜಿನ ಮೇಲೆ ಹುಟ್ಟಿದ್ದಿರಬಹುದು. ದೀಪದ ದೋಷವಂತೂ ದೀಪದಲ್ಲಿಲ್ಲ, ಅದನ್ನು ತೋರಿಸಿದ ಚಿತ್ರದಲ್ಲಿದೆ. ವಾಪಸ್ ಬಂದ ಮಾಲಿನ ಲೆಕ್ಕ ನೋಡುವುದೆಂದರೆ ಈ ಎರಡನ್ನು ಬೇರೆ ಮಾಡುವುದು. ಅದನ್ನು ಹೇಗೆ ಮಾಡುತ್ತಾರೆಂದು ತಿಳಿಯಲು ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು, ಕುರ್ತಿ, ಸೀರೆ ಮತ್ತು ಹಿತ್ತಾಳೆ ದೀಪಗಳನ್ನು ಆನ್‌ಲೈನಿನಲ್ಲಿ ಮಾರುವ ಸಣ್ಣ ಅಂಗಡಿ ಅದು. ಮುಂದೆ ಬರುವ ಅಂಕಿಗಳು ಲೆಕ್ಕ ಬಿಡಿಸಿ ತೋರಿಸಲು ನಾನೇ ಇಟ್ಟುಕೊಂಡವು. ಲೆಕ್ಕದ ದಾರಿ ಮಾತ್ರ ಈ ವ್ಯಾಪಾರದಲ್ಲಿರುವವರು ದಿನವೂ ಹಿಡಿಯುವಂಥದ್ದು.

ಮೊದಲು ಭಾಗಿಸುವುದು ಯಾವುದರಿಂದ?

ಒಂದು ತಿಂಗಳಲ್ಲಿ ಈ ಅಂಗಡಿ 1,000 ಕುರ್ತಿಗಳನ್ನು ಕಳಿಸಿತು ಎನ್ನಿ. ಕೋಣೆಯ ಮೂಲೆಯಲ್ಲಿ 337 ಕುರ್ತಿಗಳು ವಾಪಸ್ ಬಂದು ಬಿದ್ದಿವೆ. ಮೂರರಲ್ಲೊಂದು ವಾಪಸ್! ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂರುವ ಮುಂಚೆ ಆ ರಾಶಿಯನ್ನು ಎರಡು ಮಾಡಬೇಕು.

ಅದರಲ್ಲಿ 150 ಪಾರ್ಸೆಲ್ಲುಗಳು ಗಿರಾಕಿಯ ಕೈಗೇ ಸೇರಿಲ್ಲ. ಮನೆಗೆ ಬೀಗ ಹಾಕಿತ್ತು, ಫೋನ್ ಎತ್ತಲಿಲ್ಲ, ವಿಳಾಸ ಸರಿಯಿರಲಿಲ್ಲ, ಇಲ್ಲವೇ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಹೊತ್ತಿಗೆ ಮನಸ್ಸು ಬದಲಾಗಿತ್ತು. ಈ ವ್ಯಾಪಾರದಲ್ಲಿ ಇದನ್ನು ಆರ್‌ಟಿಒ ಎನ್ನುತ್ತಾರೆ. ಸಾರಿಗೆ ಕಚೇರಿಯಲ್ಲ, ರಿಟರ್ನ್ ಟು ಒರಿಜಿನ್. ಹೊರಟಲ್ಲಿಗೇ ಮರಳಿದ ಮಾಲು. ಇಂಥ ಪಾರ್ಸೆಲ್ಲಿನ ಪ್ಲಾಸ್ಟಿಕ್ ಕವರು ಬಿಚ್ಚಿಯೇ ಇರುವುದಿಲ್ಲ. ಹಾಕಿ ನೋಡದ ಬಟ್ಟೆ ಅಳತೆಯ ಬಗ್ಗೆ ಏನನ್ನೂ ಹೇಳಲಾರದು. ಕ್ಯಾಶ್ ಆನ್ ಡೆಲಿವರಿ ಹೆಚ್ಚಿರುವ ಕಡೆ ಇದು ದೊಡ್ಡ ತಲೆನೋವೇ ಹೌದು, ಆದರೆ ಅದರ ಮದ್ದು ಬೇರೆ. ಅಳತೆಯ ಲೆಕ್ಕದಿಂದ ಅದನ್ನು ಹೊರಗಿಡಬೇಕು.

ಹಾಗಾಗಿ ಮೇಲಿರಬೇಕಾದದ್ದು ಗಿರಾಕಿ ನೋಡಿ ವಾಪಸ್ ಕೊಟ್ಟ ಮಾಲು, ಕೆಳಗಿರಬೇಕಾದದ್ದು ಗಿರಾಕಿಯ ಕೈಸೇರಿದ ಮಾಲು. ಕೈಸೇರಿದ್ದು 850, ನೋಡಿ ವಾಪಸ್ ಕೊಟ್ಟದ್ದು 187. ಅಂದರೆ ಶೇ. 22. ಕಂಡಷ್ಟು ಭೀಕರವಲ್ಲ, ಸುಮ್ಮನೆ ಬಿಡುವಂಥದ್ದೂ ಅಲ್ಲ.

ಇನ್ನೊಂದು ತಪ್ಪು ತಾರೀಕಿನದು. ದೀಪಾವಳಿ ಸೇಲಿನಲ್ಲಿ ಮಾರಿದ ಕುರ್ತಿ ವಾಪಸ್ ಬರುವುದು ಮುಂದಿನ ತಿಂಗಳು. ಆಗ ಸೇಲು ಮುಗಿದು ವ್ಯಾಪಾರ ಇಳಿದಿರುತ್ತದೆ. ಈ ತಿಂಗಳು ಬಂದ ವಾಪಸಾತಿಯನ್ನು ಈ ತಿಂಗಳ ಮಾರಾಟದಿಂದ ಭಾಗಿಸಿದರೆ, ಹಬ್ಬದ ತಿಂಗಳು ತುಂಬ ಚೆನ್ನಾಗಿತ್ತು, ಮರುತಿಂಗಳು ಎಲ್ಲ ಕೆಟ್ಟುಹೋಯಿತು ಎಂಬ ಸುಳ್ಳು ಚಿತ್ರ ಸಿಗುತ್ತದೆ. ವಾಪಸ್ ಬಂದ ಪ್ರತಿ ಕುರ್ತಿಯನ್ನೂ ಅದು ಆರ್ಡರ್ ಆದ ತಿಂಗಳ ಖಾತೆಗೇ ಬರೆಯಬೇಕು. ವಾಪಸ್ ಕೊಡುವ ಗಡುವು ಮುಗಿದು, ದಾರಿಯಲ್ಲಿರುವ ಪಾರ್ಸೆಲ್ಲುಗಳು ಬಂದು ಸೇರುವವರೆಗೆ ಆ ತಿಂಗಳ ಲೆಕ್ಕ ಮುಚ್ಚುವಂತಿಲ್ಲ.

ಸರಾಸರಿಯ ಒಳಗೆ ಅಡಗಿದವರು

ನಮ್ಮ ಅಂಗಡಿಯಲ್ಲಿ ಅದೇ ತಿಂಗಳು 400 ಸೀರೆಗಳು ಗಿರಾಕಿಗಳಿಗೆ ತಲುಪಿ 32 ವಾಪಸ್ ಬಂದವು, ಶೇ. 8. ದೀಪಗಳು 300 ತಲುಪಿ 45 ವಾಪಸ್ ಬಂದವು, ಶೇ. 15. ಮೂರನ್ನೂ ಕೂಡಿಸಿದರೆ ಇಡೀ ಅಂಗಡಿಯ ವಾಪಸಾತಿ ಶೇ. 17. ಈ ಕೊನೆಯ ಅಂಕಿ ಯಾವ ಕೆಲಸಕ್ಕೂ ಬಾರದು. ಮುಂದಿನ ತಿಂಗಳು ಸೀರೆ ಹೆಚ್ಚು ಮಾರಿದರೆ, ಏನೂ ಸರಿಮಾಡದೆಯೇ ಅದು ತಾನಾಗಿ ಇಳಿಯುತ್ತದೆ.

ಮಾಲಿನ ಬಗೆಗಳನ್ನು ಒಂದರ ಜೊತೆ ಒಂದಿಟ್ಟು ತೂಗುವುದೂ ಅಷ್ಟು ನ್ಯಾಯವಲ್ಲ. ಸೀರೆಗೆ ಎದೆಯಳತೆ ಇಲ್ಲ. ಯಾರು ಉಟ್ಟರೂ ಸುತ್ತಿಕೊಳ್ಳುತ್ತದೆ. ಹೊಲಿದ ಬಟ್ಟೆ ಮೈಗೆ ಕೂರಬೇಕು. ಆದ್ದರಿಂದ ಕುರ್ತಿಯ ವಾಪಸಾತಿ ಸೀರೆಗಿಂತ ಹೆಚ್ಚಿದ್ದರೆ ಅದೇ ಒಂದು ಅಪರಾಧವಲ್ಲ. ಕೇಳಬೇಕಾದದ್ದು, ಕುರ್ತಿಗಳ ಪೈಕಿಯೇ ಯಾವುದು ತನ್ನ ಅಕ್ಕತಂಗಿಯರಿಗಿಂತ ಹೆಚ್ಚು ವಾಪಸ್ ಬರುತ್ತಿದೆ ಎಂದು.

ಡಿಸೈನುವಾರು ಬಿಡಿಸಿದಾಗ ಸಂಗತಿ ಹೊರಬಿತ್ತು. ಹೊಸದಾಗಿ ಹೊಲಿಸಿದ ಒಂದು ರೇಯಾನ್ ಕುರ್ತಿ 250 ತಲುಪಿ 95 ವಾಪಸ್ ಬಂದಿದೆ, ಶೇ. 38. ಉಳಿದ ಎಲ್ಲ ಡಿಸೈನುಗಳೂ ಸೇರಿ 600ರಲ್ಲಿ 92, ಸುಮಾರು ಶೇ. 15. ಅಂದರೆ ‘ನಮ್ಮ ಕುರ್ತಿಗಳು ವಾಪಸ್ ಬರುತ್ತವೆ’ ಎಂಬ ಮಾತೇ ತಪ್ಪು. ವಾಪಸ್ ಬರುತ್ತಿರುವುದು ಒಂದು ಕುರ್ತಿ.

ಇಲ್ಲೊಂದು ಎಚ್ಚರ ಬೇಕು. ನಾಲ್ಕು ಮಾರಿ ಎರಡು ವಾಪಸ್ ಬಂದ ಡಿಸೈನು ಪಟ್ಟಿಯಲ್ಲಿ ಶೇ. 50 ಎಂದು ಎಲ್ಲರಿಗಿಂತ ಮೇಲೆ ಕೂರುತ್ತದೆ. ಅದು ಬರೀ ಕಾಕತಾಳೀಯವಿರಬಹುದು. ಕೆಲವು ಹತ್ತುಗಳಷ್ಟಾದರೂ ಮಾರಿದ ಮೇಲೆಯೇ ಶೇಕಡಾವಾರು ಮಾತಿಗೆ ಬೆಲೆ. ಅಲ್ಲಿಯವರೆಗೆ ಆ ಎರಡು ತುಂಡುಗಳನ್ನು ಕೈಯಲ್ಲಿ ಹಿಡಿದು ನೋಡುವುದೇ ಮೇಲು.

ಕಾಲು ಇಂಚಿನ ಕಥೆ

ಈಗ ಆ ಒಂದೇ ಕುರ್ತಿಯನ್ನು ಸೈಜುವಾರು ನೋಡೋಣ. ಎಸ್ 30 ತಲುಪಿ 6 ವಾಪಸ್. ಎಂ 80ಕ್ಕೆ 18. ಎಲ್ 80ಕ್ಕೆ 37. ಎಕ್ಸ್‌ಎಲ್ 60ಕ್ಕೆ 34. ಎಸ್ ಮತ್ತು ಎಂ ಎರಡೂ ಐದರಲ್ಲೊಂದರ ಆಸುಪಾಸಿನಲ್ಲಿವೆ. ಎಲ್ ಬಂದಾಗ ಅರ್ಧಕ್ಕೆ ಸಮೀಪ, ಎಕ್ಸ್‌ಎಲ್‌ನಲ್ಲಿ ಅರ್ಧ ದಾಟಿದೆ. ಬಟ್ಟೆಯ ಗುಣವೋ ಬಣ್ಣವೋ ಕೆಟ್ಟಿದ್ದರೆ ಎಲ್ಲ ಸೈಜುಗಳೂ ಒಂದೇ ಸಮ ವಾಪಸ್ ಬರಬೇಕಿತ್ತು. ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದೆಯೆಂದರೆ ಕೆಡುಕು ಅಳತೆಯಲ್ಲೇ ಇದೆ.

ಮುಂದಿನ ಪ್ರಶ್ನೆ, ಯಾವ ದಿಕ್ಕಿಗೆ? ಎಲ್ ಮತ್ತು ಎಕ್ಸ್‌ಎಲ್ ಸೇರಿ ಬಂದ 71ರಲ್ಲಿ 55 ಮಂದಿ ‘ಚಿಕ್ಕದು’ ಎಂದಿದ್ದಾರೆ, ‘ದೊಡ್ಡದು’ ಎಂದವರು 4 ಮಂದಿ. ಎಸ್ ತೆಗೆದುಕೊಂಡ ಆರು ಮಂದಿಯಲ್ಲಿ ನಾಲ್ವರು ‘ದೊಡ್ಡದು’ ಎಂದಿದ್ದಾರೆ. ಮೇಲಿನ ಸೈಜು ಚಿಕ್ಕದು, ಕೆಳಗಿನ ಸೈಜು ದೊಡ್ಡದು! ಎಸ್‌ನ ಅಂಕಿ ಸಣ್ಣದು, ಅದೊಂದನ್ನೇ ನಂಬುವಂತಿಲ್ಲ. ಆದರೆ ಎರಡೂ ಸೇರಿ ಒಂದೇ ಕಡೆಗೆ ಬೆರಳು ತೋರುತ್ತಿವೆ.

ಇಲ್ಲಿಂದ ಮುಂದೆ ಕಂಪ್ಯೂಟರ್ ಮುಚ್ಚಿ ಟೇಪು ಹಿಡಿಯಬೇಕು. ಪ್ರತಿ ಸೈಜಿನ ಐದೈದು ಹೊಸ ಕುರ್ತಿಗಳನ್ನು ಮೇಜಿನ ಮೇಲೆ ಸುಕ್ಕಿಲ್ಲದೆ, ಎಳೆಯದೆ ಹಾಸುತ್ತಾರೆ. ಕಂಕುಳ ಹೊಲಿಗೆಯ ಕೆಳಗೆ ಈ ಬದಿಯಿಂದ ಆ ಬದಿಗೆ ಅಳೆದು ಎರಡರಿಂದ ಗುಣಿಸಿದರೆ ಎದೆ ಸುತ್ತಳತೆ. ಪುಟದಲ್ಲಿ ಹಾಕಿದ ಸೈಜ್ ಚಾರ್ಟ್ ಪ್ರಕಾರ ಬಟ್ಟೆಯ ಸುತ್ತಳತೆ ಎಸ್‌ಗೆ 38 ಇಂಚು, ಎಂಗೆ 40, ಎಲ್‌ಗೆ 42, ಎಕ್ಸ್‌ಎಲ್‌ಗೆ 44. ಮೇಜಿನ ಮೇಲೆ ಸಿಕ್ಕಿದ್ದು ಕ್ರಮವಾಗಿ 39, 40, 41, 42. ಎಂ ಮಾತ್ರ ಸರಿಯಾಗಿದೆ. ಸೈಜಿನಿಂದ ಸೈಜಿಗೆ ಎರಡು ಇಂಚು ಏರಬೇಕಿದ್ದಲ್ಲಿ ಒಂದೇ ಇಂಚು ಏರಿದೆ.

ಹೀಗಾಗುವುದು ಹೇಗೆ? ಸ್ಯಾಂಪಲ್ ಹೊಲಿಯುವುದು ಸಾಮಾನ್ಯವಾಗಿ ಒಂದು ನಡುವಿನ ಸೈಜಿನಲ್ಲಿ. ಅದು ಒಪ್ಪಿಗೆಯಾದ ಮೇಲೆ ಮಾಸ್ಟರು ಅದೇ ಕಾಗದದ ಪ್ಯಾಟರ್ನನ್ನು ಹಿಗ್ಗಿಸಿ ಕುಗ್ಗಿಸಿ ಉಳಿದ ಸೈಜು ತೆಗೆಯುತ್ತಾರೆ. ಇದಕ್ಕೆ ಗ್ರೇಡಿಂಗ್ ಎಂದು ಹೆಸರು. ಪ್ಯಾಟರ್ನ್ ಇಡೀ ಮೈಯ ಸುತ್ತಿನದ್ದಲ್ಲ. ಬಟ್ಟೆಯನ್ನು ಮಡಿಸಿ ಕತ್ತರಿಸುವುದರಿಂದ ಮುಂಭಾಗದ ಅರ್ಧ, ಹಿಂಭಾಗದ ಅರ್ಧ, ಹೀಗೆ ಒಂದೊಂದು ತುಂಡೂ ಸುತ್ತಳತೆಯ ಕಾಲು ಭಾಗ. ಸುತ್ತಿನಲ್ಲಿ ಎರಡು ಇಂಚು ಏರಬೇಕಾದರೆ ಪ್ಯಾಟರ್ನಿನ ಬದಿಯಲ್ಲಿ ಅರ್ಧ ಇಂಚು ಸೇರಿಸಬೇಕು. ಅಲ್ಲಿ ಕಾಲು ಇಂಚು ಸೇರಿಸಿದರೆ ನಾಲ್ಕು ಕಾಲು ಸೇರಿ ಒಂದೇ ಇಂಚಾಗುತ್ತದೆ. ಟೇಪಿನ ಮೇಲೆ ಎರಡು ಗೆರೆಗಳ ವ್ಯತ್ಯಾಸ, ಕೋಣೆಯ ಮೂಲೆಯಲ್ಲಿ 71 ಕುರ್ತಿಗಳ ರಾಶಿ. ಸ್ಯಾಂಪಲ್ ಎಂ ಸೈಜಿನದ್ದಾದ್ದರಿಂದ ಅದನ್ನು ಹಾಕಿ ನೋಡಿದ ಮಾಲೀಕರಿಗೆ ಏನೂ ಗೊತ್ತಾಗಲಿಲ್ಲ.

ಈಗಾಗಲೇ ಹೊಲಿದಿರುವ ಮಾಲನ್ನು ಏನು ಮಾಡುವುದು? ಎಕ್ಸ್‌ಎಲ್ ಚೀಟಿ ಹಚ್ಚಿದ ಕುರ್ತಿಯ ಅಳತೆ 42, ಅದು ಚಾರ್ಟಿನ ಎಲ್. ಚೀಟಿ ಬದಲಿಸಿ ಎಲ್ ಎಂದೇ ಮಾರಬಹುದು. ಎಲ್ ಚೀಟಿಯ 41 ಇಂಚಿನವು ಅತ್ತ ಎಲ್ ಅಲ್ಲ, ಇತ್ತ ಎಂ ಅಲ್ಲ. ಅವನ್ನು ಬೇರೆ ಪುಟದಲ್ಲಿ ನಿಜವಾದ ಇಂಚುಗಳನ್ನು ಬರೆದು ಖಾಲಿ ಮಾಡಬೇಕು. ಮುಂದಿನ ಲಾಟಿಗೆ ಪ್ಯಾಟರ್ನ್ ತಿದ್ದಿಸಿ, ಎಲ್ಲ ಸೈಜಿನ ಮೊದಲ ತುಂಡನ್ನೂ ಅಳೆದೇ ಹೊಲಿಗೆಗೆ ಒಪ್ಪಿಗೆ ಕೊಡಬೇಕು.

ಅಳತೆ ಸರಿ, ಆದರೂ ಬಿಗಿ

ಪ್ರತಿ ಸಲವೂ ಕತ್ತರಿಯದ್ದೇ ತಪ್ಪಿರುವುದಿಲ್ಲ. ಬಟ್ಟೆ ಅಳೆದಾಗ ಚಾರ್ಟಿಗೆ ಸರಿಯಾಗಿ ಹೊಂದಿ, ಎಲ್ಲ ಸೈಜಿನವರೂ ‘ಬಿಗಿ’ ಎಂದೇ ದೂರುತ್ತಿದ್ದರೆ, ಚಾರ್ಟಿನ ಭಾಷೆಯನ್ನು ಅನುಮಾನಿಸಬೇಕು. ‘ಎದೆ 40’ ಎಂದು ಬರೆದಿದೆ. ಅದು ಮೈಯ ಅಳತೆಯೋ ಬಟ್ಟೆಯದೋ? ಎಲಾಸ್ಟಿಕ್ ಗುಣವಿಲ್ಲದ ಬಟ್ಟೆ ಉಸಿರಾಡಲು, ಕೈ ಎತ್ತಲು ಮೈಗಿಂತ ಎರಡು ಮೂರು ಇಂಚಾದರೂ ಸಡಿಲವಿರಬೇಕು. ಮೈ 40 ಇಂಚು ಇರುವವರು ಚಾರ್ಟ್ ನೋಡಿ 40ರ ಬಟ್ಟೆ ತರಿಸಿಕೊಂಡರೆ ಗುಂಡಿ ಹಾಕುವಾಗಲೇ ಗೊತ್ತಾಗುತ್ತದೆ. ಇಲ್ಲಿ ಹೊಲಿದವರೂ ಸುಳ್ಳು ಹೇಳಿಲ್ಲ, ಕೊಂಡವರೂ ತಪ್ಪು ಓದಿಲ್ಲ. ‘ಇದು ಬಟ್ಟೆಯ ಅಳತೆ, ನಿಮ್ಮ ಮೈ 37ರಿಂದ 38 ಇದ್ದರೆ ಇದನ್ನು ತೆಗೆದುಕೊಳ್ಳಿ’ ಎಂಬ ಒಂದು ಸಾಲು ಪುಟದಲ್ಲಿಲ್ಲ, ಅಷ್ಟೇ.

ಒಂದೇ ಸೈಜಿಗೆ ‘ಚಿಕ್ಕದು’ ಮತ್ತು ‘ದೊಡ್ಡದು’ ಎರಡೂ ಹೆಚ್ಚು ಕಡಿಮೆ ಸಮವಾಗಿ ಬರುವುದು ಇನ್ನೊಂದು ಲಕ್ಷಣ. ಇದಕ್ಕೆ ಒಳ್ಳೆಯ ಉದಾಹರಣೆ ಚಪ್ಪಲಿ, ಬೂಟು. ನಮ್ಮಲ್ಲಿ ಇಂದಿಗೂ ನಡೆಯುವುದು ಇಂಗ್ಲೆಂಡ್, ಅಮೆರಿಕ, ಯುರೋಪಿನ ನಂಬರುಗಳು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದಾದ್ಯಂತ ಸುಮಾರು ಒಂದು ಲಕ್ಷ ಜನರ ಪಾದ ಅಳೆದು, ಭಾರತೀಯರ ಪಾದ ಸಾಮಾನ್ಯವಾಗಿ ಹೆಚ್ಚು ಅಗಲ ಎಂದು ಕಂಡುಕೊಂಡಿತು. ಆ ಅಧ್ಯಯನದ ಮೇಲೆ ‘ಭ’ ಎಂಬ ಭಾರತೀಯ ನಂಬರಿನ ಪದ್ಧತಿಯ ಪ್ರಸ್ತಾಪವೂ ಬಂದಿದೆ. ಅಗಲ ಪಾದದವರು ಉದ್ದಕ್ಕೆ ಸರಿಯಾದ ಬೂಟು ಕೊಂಡರೆ ಬದಿಯಲ್ಲಿ ಕಚ್ಚುತ್ತದೆ, ‘ಚಿಕ್ಕದು’ ಎನ್ನುತ್ತಾರೆ. ಒಂದು ನಂಬರ್ ಮೇಲಿನದು ಕೊಂಡರೆ ಹಿಮ್ಮಡಿ ಜಾರುತ್ತದೆ, ‘ದೊಡ್ಡದು’ ಎನ್ನುತ್ತಾರೆ. ಇಲ್ಲಿ ನಂಬರನ್ನು ಮೇಲೆ ಕೆಳಗೆ ಸರಿಸಿ ಪ್ರಯೋಜನವಿಲ್ಲ, ಬೂಟಿನ ಆಕಾರವೇ ಬದಲಾಗಬೇಕು. ಬಟ್ಟೆಗೂ ಇಂಥದ್ದೇ ಭಾರತೀಯ ಅಳತೆಪಟ್ಟಿ ಬೇಕೆಂದು ನಿಫ್ಟ್ ಸಂಸ್ಥೆ ‘ಇಂಡಿಯಾಸೈಜ್’ ಸಮೀಕ್ಷೆ ಕೈಗೊಂಡಿತು. 25,000 ಜನರ ಮೈಯಳತೆಯನ್ನು ಸ್ಕ್ಯಾನರಿನಲ್ಲಿ ತೆಗೆಯುವ ಆ ಯೋಜನೆಯ ನಗರಗಳಲ್ಲಿ ಬೆಂಗಳೂರೂ ಒಂದು.

ದೀಪ ಚಿಕ್ಕದಲ್ಲ, ಚಿತ್ರ ದೊಡ್ಡದು

ಇನ್ನು ದೀಪಕ್ಕೆ ಬರೋಣ. ವಾಪಸ್ ಬಂದ 45ರಲ್ಲಿ 31ಕ್ಕೆ ಕಾರಣ ‘ಚಿಕ್ಕದು’. ಟೇಪು ಹಿಡಿದರೆ ದೀಪ 4 ಇಂಚು. ಪುಟದಲ್ಲಿ ಬರೆದಿರುವುದೂ 4 ಇಂಚು. ವಸ್ತುವಿಗೂ ಮಾತಿಗೂ ವ್ಯತ್ಯಾಸವಿಲ್ಲ. ಆದರೆ ಆ ಮಾತು ಇರುವುದು ‘ಶುದ್ಧ ಹಿತ್ತಾಳೆ’, ‘ಮನೆಗೆ ಶೋಭೆ’, ‘ಉಡುಗೊರೆಗೆ ಸೂಕ್ತ’ ಎಂಬುದೆಲ್ಲ ಮುಗಿದ ಮೇಲೆ ಆರನೇ ಸಾಲಿನಲ್ಲಿ. ಚಿತ್ರದಲ್ಲಿ ಬಿಳಿ ಹಿನ್ನೆಲೆಯ ಮೇಲೆ ದೀಪವೊಂದೇ ಪರದೆ ತುಂಬ ನಿಂತಿದೆ. ಪಕ್ಕದಲ್ಲಿ ಹೋಲಿಸಲು ಏನೂ ಇಲ್ಲದಾಗ ಕಣ್ಣು ತನಗೆ ಗೊತ್ತಿರುವ ದೀಪದ ಎತ್ತರವನ್ನೇ ಅದಕ್ಕೆ ಕೊಟ್ಟುಬಿಡುತ್ತದೆ.

ಇದಕ್ಕೆ ಮದ್ದು ಅಗ್ಗದ್ದು. ಎರಡನೇ ಚಿತ್ರದಲ್ಲೇ ದೀಪವನ್ನು ಅಂಗೈಯಲ್ಲಿ ಹಿಡಿದು ತೋರಿಸುವುದು, ಇಲ್ಲವೇ ಪಕ್ಕದಲ್ಲೊಂದು ತೆಂಗಿನಕಾಯಿ ಇಡುವುದು. ಹೆಸರಿನಲ್ಲೇ ‘4 ಇಂಚು’ ಎಂದು ಸೇರಿಸುವುದು. ಹೀಗೆ ಮಾಡಿದರೆ ಮಾರಾಟ ಸ್ವಲ್ಪ ಇಳಿಯಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ದೀಪದಿಂದ ಉಳಿಯುವುದು 100 ರೂಪಾಯಿ, ಒಂದು ವಾಪಸಾದರೆ ಹೋಗಿ ಬರುವ ಸಾಗಣೆ ಮತ್ತು ಮತ್ತೆ ಪ್ಯಾಕ್ ಮಾಡುವುದಕ್ಕೆ 150 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ವಾಪಸ್ ಬರುವ ಒಂದೊಂದು ದೀಪವೂ ಒಂದೂವರೆ ದೀಪದ ಲಾಭ ತಿನ್ನುತ್ತದೆ. ಹೇಗೂ ವಾಪಸ್ ಕಳಿಸಲಿದ್ದವರು ಚಿತ್ರ ನೋಡಿ ಕೊಳ್ಳದೇ ಹೋದರೆ ಅದು ನಷ್ಟವಲ್ಲ.

ಸೀರೆಯ ಶೇ. 8 ನೋಡಿ ನೆಮ್ಮದಿಯಿಂದ ಕೂರುವಂತೆಯೂ ಇಲ್ಲ. ಬಿಡಿಸಿ ನೋಡಿದರೆ 32ರಲ್ಲಿ 15 ಒಂದೇ ಸೀರೆಯವು, ಅದು ತಲುಪಿದ್ದೇ 60. ಕಾರಣ ‘ಬಣ್ಣ ಬೇರೆ’. ಹಳದಿ ಬೆಳಕಿನ ಬಲ್ಬಿನ ಕೆಳಗೆ ತೆಗೆದ ಫೋಟೊದಲ್ಲಿ ನೇರಳೆ ಕಂದು ಕೆಂಪಿಗೆ ತಿರುಗಿದೆ. ವಾಪಸ್ ಬಂದ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಬೇರೆ ಫೋನುಗಳಲ್ಲಿ ಅದರ ಚಿತ್ರ ತೆರೆದು ಪಕ್ಕಪಕ್ಕ ನೋಡಿದರೆ ಸಾಕು. ಎರಡರಲ್ಲೂ ಬೇರೆಯಾಗಿ ಕಂಡರೆ ಫೋಟೊದ ತಪ್ಪು. ಒಂದರಲ್ಲಿ ಮಾತ್ರ ಬೇರೆಯಾದರೆ ಅದು ಪರದೆಯ ಗುಣ, ಅದನ್ನು ಯಾರೂ ಪೂರ್ತಿ ತಿದ್ದಲಾಗದು.

ಇದು ಬರೀ ಲಾಭನಷ್ಟದ ಮಾತೂ ಅಲ್ಲ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಮಾಲು ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಕ್ಕೆ ಹೊಂದದಿದ್ದರೆ ಮಾರಾಟಗಾರ ಅದನ್ನು ವಾಪಸ್ ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ಪುಟದಲ್ಲಿ ಬರೆದದ್ದು, ತೋರಿಸಿದ್ದು ಕೊಟ್ಟ ಮಾತಿನ ಹಾಗೆ.

ಒತ್ತಿದ ಕಾರಣ, ನಿಜವಾದ ಕಾರಣ

ಇಷ್ಟೆಲ್ಲ ನಿಂತಿರುವುದು ಗಿರಾಕಿ ಒತ್ತಿದ ಕಾರಣದ ಮೇಲೆ, ಅದು ಪೂರ್ತಿ ನಂಬುವಂಥದ್ದಲ್ಲ. ‘ಮನಸ್ಸು ಬದಲಾಯಿತು’ ಎಂದರೆ ವಾಪಸ್ ತೆಗೆದುಕೊಳ್ಳದ ಕಡೆ ಜನ ‘ದೋಷವಿದೆ’ ಎಂದು ಒತ್ತುತ್ತಾರೆ. ಕೆಲವರು ಮೊದಲೇ ಎಂ, ಎಲ್ ಎರಡನ್ನೂ ತರಿಸಿ, ಹಾಕಿ ನೋಡಿ, ಒಂದನ್ನು ವಾಪಸ್ ಕೊಡುತ್ತಾರೆ. ಒಂದೇ ಗಿರಾಕಿ ಒಂದೇ ಡಿಸೈನಿನ ಎರಡು ಸೈಜು ಕೊಂಡ ಆರ್ಡರುಗಳನ್ನು ಬೇರೆ ಎಣಿಸದಿದ್ದರೆ ಅವು ಅಳತೆಯ ದೂರಿನ ವೇಷದಲ್ಲಿ ಲೆಕ್ಕದೊಳಗೆ ನುಸುಳುತ್ತವೆ.

ಹೆಚ್ಚು ನಂಬಬಹುದಾದ ಸಾಕ್ಷಿ ಬದಲಿ ಕೇಳಿದವರದು. ಎಲ್ ವಾಪಸ್ ಕೊಟ್ಟು ಅದೇ ಕುರ್ತಿಯ ಎಕ್ಸ್‌ಎಲ್ ಕೇಳಿದವರಿಗೆ ಬಟ್ಟೆ ಇಷ್ಟವಾಗಿದೆ, ಅಳತೆಯಷ್ಟೇ ಹೊಂದಿಲ್ಲ. ಅವರ ಮಾತಿನಲ್ಲಿ ನೆಪ ಇರುವುದು ಕಡಿಮೆ. ಹಾಗೆಯೇ ವಾಪಸ್ ಬಂದ ಬಟ್ಟೆಯೂ ಮಾತಾಡುತ್ತದೆ. ಕಂಕುಳ ಬಳಿ ಹೊಲಿಗೆ ಎಳೆದಿದ್ದರೆ ನಿಜಕ್ಕೂ ಬಿಗಿಯಾಗಿತ್ತು. ಮಡಿಕೆಯೇ ಬಿಚ್ಚದೆ ಬಂದಿದ್ದರೆ ‘ಚಿಕ್ಕದು’ ಎಂಬುದು ನೆಪ.

ತಿದ್ದಿದ್ದು ಫಲ ಕೊಟ್ಟಿತೇ ಎಂದು ನೋಡುವಾಗಲೂ ಅದೇ ಶಿಸ್ತು ಬೇಕು. ಪುಟ ಬದಲಿಸಿದ ತಾರೀಕನ್ನು, ಹೊಸ ಲಾಟು ಹೊರಟ ತಾರೀಕನ್ನು ಬರೆದಿಟ್ಟುಕೊಂಡು, ಆಮೇಲೆ ಬಂದ ಆರ್ಡರುಗಳನ್ನಷ್ಟೇ ಎಣಿಸಬೇಕು. ಹಳೆಯ ಆರ್ಡರಿನ ವಾಪಸಾತಿ ಇನ್ನೂ ಕೆಲವು ವಾರ ಬರುತ್ತಲೇ ಇರುತ್ತದೆ, ಅದನ್ನು ಕಂಡು ಗಾಬರಿಯಾಗಿ ಸರಿಮಾಡಿದ್ದನ್ನೇ ಮತ್ತೆ ಕೆಡಿಸಬಾರದು.

ನನ್ನ ದೀಪದ ವಿಷಯ ಇನ್ನೂ ಬಾಕಿ ಇದೆ. ಪಾರ್ಸೆಲ್ ಒಯ್ಯುವ ಹುಡುಗ ಬರುವ ಮುಂಚೆ ಆ ಪುಟವನ್ನು ಮತ್ತೊಮ್ಮೆ ತೆರೆದೆ. ‘ಎತ್ತರ 4 ಇಂಚು’ ಎಂದು ಕೆಳಗೆಲ್ಲೋ ಬರೆದೇ ಇತ್ತು, ನಾನು ಓದಿರಲಿಲ್ಲ. ನಾನೊಬ್ಬನೇ ಓದದೆ ಕೊಂಡಿದ್ದರೆ ತಪ್ಪು ನನ್ನದು. ನನ್ನಂಥವರು 31 ಮಂದಿ ಇದ್ದರೆ, ಆ ಸಾಲು ಇರಬೇಕಾದ ಜಾಗದಲ್ಲಿಲ್ಲ.